ಕುಂಬಳ, ಸೂರ್ಯಕಾಂತಿ, ಕಲ್ಲಂಗಡಿ ಬೀಜ: ಜಿಂಕ್‌ಗೆ ಯಾವುದು, ಮೂತ್ರದ ತೊಂದರೆಗೆ ಯಾವುದು?

ಗಂಗಾವತಿಯಲ್ಲಿ ಮೆಡಿಕಲ್ ಅಂಗಡಿ ಇಟ್ಟುಕೊಂಡಿರುವ ನನ್ನ ಹತ್ತಿರ ಈಚೆಗೆ ಐವತ್ತು ದಾಟಿದ ಗಂಡಸರು ಗುಳಿಗೆ ಕೇಳುವಷ್ಟೇ ಸಲ ಬೀಜವನ್ನೂ ಕೇಳುತ್ತಾರೆ. "ತಮ್ಮಾ, ಕುಂಬಳ ಬೀಜ ಅದಾವೇನು? ಅದ್ರಾಗ ಜಿಂಕ್ ಭಾಳ ಐತಂತ, ಪ್ರಾಸ್ಟೇಟ್ ಕರಗತದಂತ." ಮೊಬೈಲಿಗೆ ಬಂದ ವಿಡಿಯೋದಲ್ಲಿ ಹಾಗೆ ಹೇಳಿರುತ್ತಾರೆ. ಪ್ರಾಸ್ಟೇಟ್ ಅಂದರೆ ಗಂಡಸರ ಮೂತ್ರಕೋಶದ ಕೆಳಗಿರುವ ಗ್ರಂಥಿ, ವಯಸ್ಸಾದಂತೆ ಅದು ಉಬ್ಬಿದರೆ ಮೂತ್ರಕ್ಕೆ ತೊಂದರೆ. ಇನ್ನು ಕೆಲವರು ಸೂರ್ಯಕಾಂತಿ ಬೀಜ ಸಾಲದೇ ಅನ್ನುತ್ತಾರೆ, ನಮ್ಮ ಕಡೆ ಅದು ಹೊಲದಲ್ಲೇ ಬೆಳೆಯುವ ಮಾಲು. ಬೇಸಿಗೆಯಲ್ಲಿ ಮನೆ ತುಂಬ ಕಲ್ಲಂಗಡಿ ತಿನ್ನುವವರು ಅದರ ಬೀಜವನ್ನು ಉಗುಳುವುದಾ, ನುಂಗುವುದಾ ಎಂದು ಕೇಳುತ್ತಾರೆ.

ಈ ಮಾತಿನಲ್ಲಿ ಎರಡು ಬೇರೆ ಬೇರೆ ಪ್ರಶ್ನೆ ಸೇರಿಕೊಂಡಿವೆ. ತಿಂಡಿಯಾಗಿ ಯಾವ ಬೀಜದಲ್ಲಿ ಜಿಂಕ್ ಹೆಚ್ಚು, ಕೊಬ್ಬು ಎಂಥದು ಎನ್ನುವುದು ಒಂದು. ರಾತ್ರಿ ಮೂರು ಸಲ ಎದ್ದು ಮೂತ್ರಕ್ಕೆ ಹೋಗುವವನಿಗೆ ಯಾವ ಬೀಜದಿಂದ ಉಪಯೋಗ ಎನ್ನುವುದು ಇನ್ನೊಂದು. ಮೊದಲನೆಯದರಲ್ಲಿ ಜಿಂಕ್‌ಗೆ ಉತ್ತರ ಕಲ್ಲಂಗಡಿ ಬೀಜ, ಕೊಬ್ಬಿನ ದೃಷ್ಟಿಯಿಂದ ಸೂರ್ಯಕಾಂತಿ. ಎರಡನೆಯದಕ್ಕೆ ಅಷ್ಟಿಷ್ಟು ಪುರಾವೆ ಇರುವುದು ಕುಂಬಳ ಬೀಜಕ್ಕೆ ಮಾತ್ರ, ಮತ್ತು ಆ ಪುರಾವೆಗೂ ಜಿಂಕ್‌ಗೂ ಸಂಬಂಧ ಕಾಣುವುದಿಲ್ಲ. ಎರಡನ್ನೂ ಒಂದೇ ಗಂಟು ಹಾಕಿ ಮಾರುವುದರಿಂದಲೇ ಗೊಂದಲ.

ಅಂಗಡಿಯಲ್ಲಿ ಕೈಗೆ ಸಿಗುವುದು ಏನು

ಹೋಲಿಸುವ ಮೊದಲು ಯಾವ ಮಾಲಿನ ಬಗ್ಗೆ ಮಾತಾಡುತ್ತಿದ್ದೇವೆ ಎನ್ನುವುದು ಗೊತ್ತಿರಬೇಕು. ಪ್ಯಾಕೆಟ್ಟಿನಲ್ಲಿ ಹಸಿರಾಗಿ, ಚಪ್ಪಟೆಯಾಗಿ ಬರುವ ಕುಂಬಳ ಬೀಜ ಸಿಪ್ಪೆ ತೆಗೆದ ತಿರುಳು. ಮನೆಯಲ್ಲಿ ಪಲ್ಯಕ್ಕೆ ಹೆಚ್ಚಿದ ಸಿಹಿಗುಂಬಳದ ಬೀಜಕ್ಕೆ ದಪ್ಪ ಬಿಳಿ ಸಿಪ್ಪೆ ಇರುತ್ತದೆ. ಅದನ್ನು ತೊಳೆದು, ಒಣಗಿಸಿ, ಸುಲಿದರೆ ಒಳಗೆ ಅದೇ ಹಸಿರು ತಿರುಳು. ಕಾಸು ಕೊಡದೆ ಸಿಗುವ ಮಾಲು, ಬಿಸಾಡಬೇಡಿ. ಒಂದೇ ಎಚ್ಚರ: ಬೀಜವಾಗಲಿ ತಿರುಳಾಗಲಿ ಬಾಯಿಗೆ ಕಹಿ ಹತ್ತಿದರೆ ಅಲ್ಲೇ ಉಗುಳಿಬಿಡಿ. ಕುಂಬಳ, ಸೋರೆ, ಹೀರೆ ಜಾತಿಯ ಕಾಯಿಗಳಲ್ಲಿ ಕೆಲವೊಮ್ಮೆ ಕುಕುರ್ಬಿಟಾಸಿನ್ ಎಂಬ ಕಹಿ ವಿಷ ಹೆಚ್ಚಾಗಿರುತ್ತದೆ, ವಾಂತಿ ಭೇದಿ ಹಿಡಿಸುತ್ತದೆ, ಕುದಿಸಿದರೂ ಹೋಗುವುದಿಲ್ಲ.

ಕಲ್ಲಂಗಡಿ ಬೀಜದ ತಿರುಳು ಕಿರಾಣಿ ಅಂಗಡಿಯಲ್ಲಿ 'ಮಗಜ್' ಎಂಬ ಹೆಸರಿನಲ್ಲಿ ಸಿಗುತ್ತದೆ. ಮಿಠಾಯಿ ಮಾಡುವವರು, ಹೋಟೆಲಿನಲ್ಲಿ ಗ್ರೇವಿ ದಪ್ಪ ಮಾಡುವವರು ಒಯ್ಯುವ ಬಿಳಿ ಬೀಜ ಅದು. ಮಗಜ್ ಎಂದರೆ ಎಲ್ಲ ಕಡೆ ಕಲ್ಲಂಗಡಿಯದೇ ಅಲ್ಲ. ಕರಬೂಜ, ಸೌತೆ, ಕುಂಬಳ ಸೇರಿಸಿ ನಾಲ್ಕು ಬೀಜದ ಮಿಶ್ರಣವನ್ನೂ ಅದೇ ಹೆಸರಲ್ಲಿ ಮಾರುತ್ತಾರೆ. ಕಲ್ಲಂಗಡಿಯ ತಿರುಳು ಅಗಲ, ಒಂದು ತುದಿ ಮೊನಚು. ಕರಬೂಜದ್ದು ಸಣ್ಣ, ಉದ್ದ, ತೆಳು. ಅಂಗೈ ಮೇಲೆ ಹಾಕಿ ನೋಡಿದರೆ ಗೊತ್ತಾಗುತ್ತದೆ. ಹಣ್ಣಿನ ಜೊತೆ ಕರಿ ಬೀಜವನ್ನು ಇಡಿಯಾಗಿ ನುಂಗಿದರೆ ಅಪಾಯವೇನಿಲ್ಲ, ಉಪಯೋಗವೂ ಇಲ್ಲ. ಗಟ್ಟಿ ಸಿಪ್ಪೆ ಹೊಟ್ಟೆಯಲ್ಲಿ ಕರಗದೆ ಹೋದಂತೆಯೇ ಹೊರಗೆ ಬರುತ್ತದೆ.

ಸೂರ್ಯಕಾಂತಿಯ ವಿಷಯದಲ್ಲಿ ನಮ್ಮ ಭಾಗದವರಿಗೆ ಒಂದು ಮಾತು ಒತ್ತಿ ಹೇಳಬೇಕು. ರಾಯಚೂರು, ಕೊಪ್ಪಳ, ಬಳ್ಳಾರಿಯ ಹೊಲಗಳಲ್ಲಿ ಬೆಳೆಯುವುದು ಎಣ್ಣೆ ತೆಗೆಯುವ ಸಣ್ಣ ಕರಿ ಬೀಜ. ತಿನ್ನಲು ಮಾರುವುದು ದೊಡ್ಡ ಪಟ್ಟೆ ಬೀಜ, ಅಥವಾ ಅದರ ಸುಲಿದ ತಿರುಳು. ಎಣ್ಣೆ ಬೀಜವನ್ನು ಸುಲಿದು ತಿಂದರೂ ತೊಂದರೆಯಿಲ್ಲ, ಸುಲಿಯುವ ಕಷ್ಟ ಅಷ್ಟೆ. ಆದರೆ ಬಿತ್ತನೆಗೆ ತಂದ ಚೀಲದಲ್ಲಿ ಉಳಿದದ್ದನ್ನು ಹುರಿದು ತಿನ್ನುವ ಯೋಚನೆ ಬೇಡವೇ ಬೇಡ. ಬಿತ್ತನೆ ಬೀಜಕ್ಕೆ ಥೈರಮ್‌ನಂಥ ಶಿಲೀಂಧ್ರನಾಶಕ, ಇಮಿಡಾಕ್ಲೋಪ್ರಿಡ್‌ನಂಥ ಕೀಟನಾಶಕ ಸವರಿರುತ್ತಾರೆ. ಗುರುತಿಗೆ ಕೆಂಪು, ನೀಲಿ, ಹಸಿರು ಬಣ್ಣ ಹಾಕಿರುತ್ತಾರೆ. ತೊಳೆದರೆ ಬಣ್ಣ ಹೋಗಬಹುದು, ಔಷಧಿ ಹೋಯಿತು ಎಂದು ನಂಬಲಾಗದು. ಕಲ್ಲಂಗಡಿಯ ಹೈಬ್ರಿಡ್ ಬಿತ್ತನೆ ಬೀಜಕ್ಕೂ ಇದೇ ಮಾತು.

ಜಿಂಕ್: ಮೇಲುಗೈ ಮಗಜ್‌ನದು

ಈಗ ಲೆಕ್ಕ. ದಿನಕ್ಕೆ ಒಂದು ಹಿಡಿ, ಅಂದರೆ ಸುಮಾರು 30 ಗ್ರಾಂ ಸುಲಿದ ತಿರುಳು ತಿಂದರೆ ಸಿಗುವುದು ಇಷ್ಟು. ತಳಿ, ಮಣ್ಣು ನೋಡಿ ಹೆಚ್ಚುಕಮ್ಮಿ ಆಗುತ್ತದೆ, ಅಂದಾಜಿಗೆ ಸಾಕು.

| 30 ಗ್ರಾಂ ತಿರುಳು | ಜಿಂಕ್ (ಮಿ.ಗ್ರಾಂ) | ಒಟ್ಟು ಕೊಬ್ಬು (ಗ್ರಾಂ) | ಅದರಲ್ಲಿ ಗಟ್ಟಿ ಕೊಬ್ಬು (ಗ್ರಾಂ) | ಕ್ಯಾಲೊರಿ |
|---|---|---|---|---|
| ಕಲ್ಲಂಗಡಿ | 3.1 | 14 | 2.9 | 167 |
| ಕುಂಬಳ | 2.3 | 15 | 2.6 | 168 |
| ಸೂರ್ಯಕಾಂತಿ | 1.5 | 15 | 1.3 | 175 |

ವಿಡಿಯೋಗಳಲ್ಲಿ ಜಿಂಕ್‌ನ ರಾಜನೆಂದು ಮೆರೆಯುವ ಕುಂಬಳ ಬೀಜ ಇಲ್ಲಿ ಎರಡನೆಯದು. ಯಾರೂ ಹೆಸರೆತ್ತದ ಮಗಜ್ ಮೊದಲನೆಯದು. ಬರೀ ಜಿಂಕ್ ಸಲುವಾಗಿ ಕುಂಬಳ ಬೀಜಕ್ಕೆ ಹೆಚ್ಚು ದುಡ್ಡು ಕೊಡುವವರು ಎರಡರ ದರವನ್ನೂ ಒಮ್ಮೆ ಕೇಳಿ ನೋಡುವುದು ಒಳ್ಳೆಯದು.

ಐಸಿಎಂಆರ್ ಮತ್ತು ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಹೊರಡಿಸಿದ ಪಟ್ಟಿಯಂತೆ ಗಂಡಸಿಗೆ ದಿನಕ್ಕೆ 17 ಮಿಲಿಗ್ರಾಂ ಜಿಂಕ್ ಬೇಕು. ಅಮೆರಿಕದವರು ತಮ್ಮ ಗಂಡಸರಿಗೆ ಹೇಳುವುದು 11. ನಮಗೆ ಹೆಚ್ಚು ಯಾಕೆ? ನಮ್ಮ ಊಟದ ಬುಡ ಕಾಳು ಮತ್ತು ಧಾನ್ಯ. ಅವುಗಳಲ್ಲಿರುವ ಫೈಟೇಟ್ ಎಂಬ ಅಂಶ ಜಿಂಕನ್ನು ಕರುಳಿನಲ್ಲಿ ಹಿಡಿದಿಟ್ಟುಕೊಂಡು ರಕ್ತಕ್ಕೆ ಸೇರಗೊಡುವುದಿಲ್ಲ. ಈ ಮೂರೂ ಬೀಜಗಳಲ್ಲೂ ಫೈಟೇಟ್ ಧಾರಾಳ ಇದೆ. ಹಾಗಾಗಿ ಪಟ್ಟಿಯಲ್ಲಿ 3.1 ಎಂದಿದ್ದರೂ ಮೈಗೆ ಹತ್ತುವುದು ಅದರ ಒಂದು ಪಾಲು ಮಾತ್ರ. ರಾತ್ರಿ ನೆನೆಸಿ, ಬೆಳಿಗ್ಗೆ ನೀರು ಚೆಲ್ಲಿ ಒಣಗಿಸಿ ಹುರಿದರೆ ಫೈಟೇಟ್ ಸ್ವಲ್ಪ ಕಡಿಮೆಯಾಗುತ್ತದೆ. ಹುರಿದರೆ ಜಿಂಕ್ ಹೋಗುತ್ತದೆ ಎಂಬ ಮಾತು ಸುಳ್ಳು. ಅದು ಖನಿಜ, ಬೆಂಕಿಗೆ ಸುಟ್ಟುಹೋಗುವಂಥದ್ದಲ್ಲ.

ಜೋಳದ ಹಿಟ್ಟಿನಲ್ಲಿ 100 ಗ್ರಾಂಗೆ ಸುಮಾರು 2 ಮಿಲಿಗ್ರಾಂ ಜಿಂಕ್ ಇದೆ. ದಿನಕ್ಕೆ ಐದಾರು ರೊಟ್ಟಿ ತಿನ್ನುವವನಿಗೆ ಒಂದು ಹಿಡಿ ಬೀಜಕ್ಕಿಂತ ಹೆಚ್ಚು ಜಿಂಕ್ ರೊಟ್ಟಿಯಿಂದಲೇ ಬರುತ್ತದೆ. ಬೀಜ ಬೇಡ ಎಂದು ಹೇಳುತ್ತಿಲ್ಲ. ಅದು ಊಟದ ಮೇಲಿನ ಒಂದು ಸಣ್ಣ ಸೇರ್ಪಡೆ, ಔಷಧಿಯ ಡೋಸ್ ಅಲ್ಲ ಎನ್ನುವುದನ್ನು ತಿಳಿದು ತಿನ್ನಬೇಕು.

ಕೊಬ್ಬು

ಮೂರರಲ್ಲೂ ತೂಕದ ಅರ್ಧ ಭಾಗ ಕೊಬ್ಬೇ. ಒಂದು ಹಿಡಿ ಬೀಜ ತಿಂದರೆ ಮೂರು ಚಮಚ ಎಣ್ಣೆ ಹೊಟ್ಟೆಗೆ ಹೋದಂತೆ. ಹಾಗಾಗಿ ಊಟದ ಮೇಲೆ ಬೀಜ ಸೇರಿಸಿಕೊಂಡರೆ ತೂಕ ಏರುತ್ತದೆ, ಸಂಜೆಯ ಮಿರ್ಚಿ ಬಜಿ ಬಿಟ್ಟು ಅದರ ಜಾಗಕ್ಕೆ ಬೀಜ ಇಟ್ಟರೆ ಲಾಭ. ಗಟ್ಟಿ ಕೊಬ್ಬು, ಅಂದರೆ ಹೃದಯದ ಡಾಕ್ಟರು ಕಡಿಮೆ ಮಾಡಿ ಎನ್ನುವ ಸ್ಯಾಚುರೇಟೆಡ್ ಕೊಬ್ಬು, ಸೂರ್ಯಕಾಂತಿಯಲ್ಲಿ ಉಳಿದೆರಡರ ಅರ್ಧದಷ್ಟು. ಕೊಲೆಸ್ಟರಾಲ್ ಚಿಂತೆ ಇರುವವರಿಗೆ ನಾನು ಸೂರ್ಯಕಾಂತಿಯನ್ನೇ ಮುಂದಿಡುತ್ತೇನೆ. ಒಮೆಗಾ-3 ಬೇಕೆಂದು ಬೀಜ ತಿನ್ನುವವರಿಗೆ ಈ ಮೂರರಲ್ಲೂ ಹೇಳಿಕೊಳ್ಳುವಷ್ಟು ಸಿಗುವುದಿಲ್ಲ. ಅದು ಮನೆಯ ಅಗಸಿ ಚಟ್ನಿಯಲ್ಲಿ ಇದೆ.

ನಮ್ಮ ಬಿಸಿಲಿಗೆ ಬೇಗ ಕೆಡುವುದೂ ಈ ಕೊಬ್ಬೇ. ಮಗಜ್ ಮತ್ತು ಸೂರ್ಯಕಾಂತಿಯ ಮೆದು ಕೊಬ್ಬು ಗಾಳಿ, ಬೆಳಕು, ಸೆಖೆ ತಾಗಿದರೆ ಕಮಟು ಹಿಡಿಯುತ್ತದೆ. ಏಪ್ರಿಲ್ ಮೇ ತಿಂಗಳಲ್ಲಿ ತಗಡಿನ ಚಾವಣಿಯ ಅಂಗಡಿಯಲ್ಲಿ ಬಾಯಿ ಬಿಚ್ಚಿದ ಚೀಲದಲ್ಲಿಟ್ಟ ಬೀಜ ಬಹಳ ದಿನ ತಾಳುವುದಿಲ್ಲ. ಕೊಳ್ಳುವಾಗ ನಾಲ್ಕು ಬೀಜ ಬಾಯಿಗೆ ಹಾಕಿ. ಹಳೆ ಎಣ್ಣೆಯ ವಾಸನೆ ಬಂದರೆ, ನುಂಗಿದ ಮೇಲೆ ಗಂಟಲಲ್ಲಿ ಕೆರೆತ ಉಳಿದರೆ ಬಿಟ್ಟುಬಿಡಿ. ತುಂಡಾದ ಬೀಜ ಹೆಚ್ಚಿರುವ ಮಾಲು ಬೇಗ ಕೆಡುತ್ತದೆ, ಇಡಿ ಬೀಜವನ್ನೇ ಆರಿಸಿ. ಕಾಲು ಕಿಲೋಗಿಂತ ಹೆಚ್ಚು ತರದೆ, ಬಿಗಿ ಡಬ್ಬಿಯಲ್ಲಿ ಹಾಕಿ ಫ್ರಿಜ್ಜಿನಲ್ಲಿಟ್ಟರೆ ಬೇಸಿಗೆ ಕಳೆಯಬಹುದು. ಹುರಿದಿಟ್ಟದ್ದು ಹಸಿಯದಕ್ಕಿಂತ ಬೇಗ ಕಮಟುತ್ತದೆ. ವಾರಕ್ಕೆ ಬೇಕಾದಷ್ಟೇ ಸಣ್ಣ ಉರಿಯಲ್ಲಿ ಹುರಿದುಕೊಳ್ಳಿ, ಕುಂಬಳ ಬೀಜ ಉಬ್ಬಿ ಚಟಪಟ ಅನ್ನುತ್ತಲೇ ಇಳಿಸಿ.

ಪ್ರಾಸ್ಟೇಟ್ ಮಾತು ಹುಟ್ಟಿದ್ದು ಎಲ್ಲಿಂದ

ಜಿಂಕ್‌ಗೂ ಪ್ರಾಸ್ಟೇಟ್‌ಗೂ ಸಂಬಂಧವೇ ಇಲ್ಲ ಎಂದಲ್ಲ. ಮೂತ್ರಕೋಶದ ಕೆಳಗೆ, ಮೂತ್ರನಾಳವನ್ನು ಸುತ್ತಿಕೊಂಡಿರುವ ಈ ಗ್ರಂಥಿ ಮೈಯ ಬಹುಪಾಲು ಅಂಗಗಳಿಗಿಂತ ಹೆಚ್ಚು ಜಿಂಕ್ ಸೇರಿಸಿಟ್ಟುಕೊಳ್ಳುತ್ತದೆ. ತಾನು ಸುರಿಸುವ ದ್ರವದಲ್ಲಿ ಸಿಟ್ರೇಟ್ ತುಂಬಲು ಅದಕ್ಕೆ ಜಿಂಕ್ ಬೇಕು. ಅಲ್ಲಿ ಕ್ಯಾನ್ಸರ್ ಆದರೆ ಆ ಜಾಗದ ಜೀವಕೋಶಗಳಲ್ಲಿ ಜಿಂಕ್ ಇಳಿದುಹೋಗಿರುತ್ತದೆ. ಇವೆರಡೂ ನಿಜ. ಇವೆರಡರಿಂದ "ಹಾಗಾದರೆ ಜಿಂಕ್ ತಿಂದರೆ ಪ್ರಾಸ್ಟೇಟ್ ಗಟ್ಟಿ" ಎಂದು ಹಾರಿದ್ದು ತಪ್ಪು. ಕ್ಯಾನ್ಸರ್ ಕೋಶ ಜಿಂಕ್ ಒಳಗೆ ಎಳೆದುಕೊಳ್ಳುವ ದಾರಿಯನ್ನೇ ಮುಚ್ಚಿಕೊಂಡಿರುತ್ತದೆ. ತಟ್ಟೆಯಲ್ಲಿ ಜಿಂಕ್ ಕಡಿಮೆಯಾದದ್ದಕ್ಕೆ ಅಲ್ಲಿ ಕಡಿಮೆಯಾಯಿತು ಎಂದು ಅದರಿಂದ ತೀರ್ಮಾನಿಸಲಾಗದು.

ಗುಳಿಗೆಯಾಗಿ ಹೆಚ್ಚು ತಿಂದವರಲ್ಲಿ ಏನಾಯಿತು ಎಂಬುದನ್ನೂ ನೋಡಿದ್ದಾರೆ. ಅಮೆರಿಕದ 46,974 ಗಂಡಸರನ್ನು 14 ವರ್ಷ ಗಮನಿಸಿ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದಿನಕ್ಕೆ 100 ಮಿಲಿಗ್ರಾಂಗಿಂತ ಹೆಚ್ಚು ಜಿಂಕ್ ಗುಳಿಗೆ ತಿನ್ನುತ್ತಿದ್ದವರಿಗೆ ಮುಂದುವರಿದ ಹಂತದ ಪ್ರಾಸ್ಟೇಟ್ ಕ್ಯಾನ್ಸರ್ ಬರುವ ಸಂಭವ ಎರಡು ಪಟ್ಟಿಗೂ ಮೇಲಿತ್ತು. ಜಿಂಕೇ ಕಾರಣ ಎಂದು ಇಂಥ ಅಧ್ಯಯನ ಸಾಬೀತು ಮಾಡಲಾರದು, ಆದರೆ ರಕ್ಷಣೆಯಂತೂ ಕಾಣಲಿಲ್ಲ. ನಮ್ಮಲ್ಲಿ ಕೋವಿಡ್ ಕಾಲದಲ್ಲಿ 50 ಮಿಲಿಗ್ರಾಂ ಜಿಂಕ್ ಗುಳಿಗೆ ತಿಂದು ರೂಢಿಯಾದವರು ಇನ್ನೂ ಅದನ್ನೇ ಕೇಳುತ್ತಾರೆ. ದಿನದ ಮೇಲ್ಮಿತಿ 40. ತಿಂಗಳುಗಟ್ಟಲೆ ಮೀರಿದರೆ ಮೈಯಲ್ಲಿ ತಾಮ್ರ ಕಡಿಮೆಯಾಗಿ ರಕ್ತಹೀನತೆ, ಕೈಕಾಲು ಜೋಮು ಶುರುವಾಗಬಹುದು. ಬೀಜ ತಿಂದು ಈ ಮಟ್ಟ ಮುಟ್ಟುವುದು ಕಷ್ಟ, ಗುಳಿಗೆಯಿಂದ ಸುಲಭ.

ಸೂರ್ಯಕಾಂತಿ ಬೀಜದ ಪರವಾಗಿ ಹೇಳುವ ಮಾತು ಬೇರೆ: ವಿಟಮಿನ್ ಇ ಮತ್ತು ಸೆಲೆನಿಯಂ. ಎರಡೂ ಅದರಲ್ಲಿ ನಿಜಕ್ಕೂ ಹೆಚ್ಚಿವೆ. ಅವು ಪ್ರಾಸ್ಟೇಟ್ ಕ್ಯಾನ್ಸರ್ ತಡೆಯುತ್ತವೆಯೇ ಎಂದು ನೋಡಲು 2001ರಲ್ಲಿ ಸೆಲೆಕ್ಟ್ ಎಂಬ ದೊಡ್ಡ ಪರೀಕ್ಷೆ ಶುರು ಮಾಡಿ 35 ಸಾವಿರಕ್ಕೂ ಹೆಚ್ಚು ಗಂಡಸರನ್ನು ಸೇರಿಸಿದರು. ಉಪಯೋಗ ಕಾಣದೆ 2008ರಲ್ಲಿ ಗುಳಿಗೆ ನಿಲ್ಲಿಸಿದರು. 2011ರಲ್ಲಿ ಹೊರಬಂದ ಲೆಕ್ಕದಲ್ಲಿ, ದಿನಕ್ಕೆ 400 ಯೂನಿಟ್ ವಿಟಮಿನ್ ಇ ತಿಂದವರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಶೇ. 17ರಷ್ಟು ಹೆಚ್ಚಾಗಿತ್ತು. ಸಾವಿರ ಜನರಲ್ಲಿ ಏಳು ವರ್ಷಕ್ಕೆ ಸುಮ್ಮನೆ ಹಿಟ್ಟಿನ ಗುಳಿಗೆ ತಿಂದವರಲ್ಲಿ 65, ವಿಟಮಿನ್ ಇ ತಿಂದವರಲ್ಲಿ 76. ಇದು ಕ್ಯಾಪ್ಸೂಲಿನ ಕತೆ, ಬೀಜದ್ದಲ್ಲ. ಒಂದು ಹಿಡಿ ಬೀಜದಲ್ಲಿರುವ ವಿಟಮಿನ್ ಇ ಅದಕ್ಕಿಂತ ಎಷ್ಟೋ ಕಡಿಮೆ, ಹೆದರಬೇಕಿಲ್ಲ. ಆದರೆ ವಿಟಮಿನ್ ಇ ಹೆಸರು ಹೇಳಿ ಸೂರ್ಯಕಾಂತಿ ಬೀಜವನ್ನು ಪ್ರಾಸ್ಟೇಟ್‌ಗೆ ಮದ್ದು ಎಂದು ಮಾರುವವರಿಗೆ ಈ ಪರೀಕ್ಷೆಯಾದ ಮೇಲೆ ಬಾಯಿ ಇರಬಾರದಿತ್ತು.

ಕುಂಬಳ ಬೀಜದ ಪರೀಕ್ಷೆ ಹೇಳಿದ್ದೇನು

ವಯಸ್ಸಾದಂತೆ ಪ್ರಾಸ್ಟೇಟ್ ಉಬ್ಬಿ ಮೂತ್ರನಾಳವನ್ನು ಒತ್ತುವುದು ಬೇರೆ, ಅಲ್ಲಿ ಕ್ಯಾನ್ಸರ್ ಆಗುವುದು ಬೇರೆ. ಕುಂಬಳ ಬೀಜವನ್ನು ಪರೀಕ್ಷಿಸಿದ್ದು ಮೊದಲನೆಯದಕ್ಕೆ. ಜರ್ಮನಿಯಲ್ಲಿ ಇದು ಹಳೆಯ ಮನೆಮದ್ದು. ಅಲ್ಲಿ 50ರಿಂದ 80 ವಯಸ್ಸಿನ 1,431 ಗಂಡಸರನ್ನು ಮೂರು ಗುಂಪು ಮಾಡಿ ಒಂದು ವರ್ಷ ನೋಡಿದರು, ಫಲಿತಾಂಶ 2015ರಲ್ಲಿ ಬಂತು. ಒಂದು ಗುಂಪಿಗೆ ದಿನಕ್ಕೆ ಎರಡು ಸಲ 5 ಗ್ರಾಂ ಬೀಜ, ಇನ್ನೊಂದಕ್ಕೆ ಬೀಜದ ಸಾರದ ಕ್ಯಾಪ್ಸೂಲು, ಮೂರನೆಯದಕ್ಕೆ ಔಷಧಿಯೇ ಇಲ್ಲದ ಕ್ಯಾಪ್ಸೂಲು. ತೊಂದರೆಯನ್ನು 35 ಅಂಕದ ಪ್ರಶ್ನಾವಳಿಯಿಂದ ಅಳೆದರು. 5 ಅಂಕ ಇಳಿದರೆ ಗುಣ ಕಂಡಿತು ಎಂದು ಲೆಕ್ಕ.

ಸಾರದ ಕ್ಯಾಪ್ಸೂಲಿಗೂ ಖಾಲಿ ಕ್ಯಾಪ್ಸೂಲಿಗೂ ವ್ಯತ್ಯಾಸ ಕಾಣಲಿಲ್ಲ. ಕುಂಬಳದ ಸಾರವೆಂದು ದುಬಾರಿ ಡಬ್ಬಿ ಕೊಳ್ಳುವವರು ಇದನ್ನು ನೆನಪಿಡಬೇಕು. ಬೀಜವನ್ನೇ ತಿಂದವರಲ್ಲಿ ನೂರಕ್ಕೆ 58 ಮಂದಿಗೆ ಗುಣ ಕಂಡಿತು. ಕೇಳಲು ಬಲು ಚೆಂದ. ಆದರೆ ಏನೂ ಇಲ್ಲದ ಕ್ಯಾಪ್ಸೂಲು ತಿಂದವರಲ್ಲೂ ನೂರಕ್ಕೆ 47 ಮಂದಿಗೆ ಅಷ್ಟೇ ಗುಣ ಕಂಡಿತು. ಬೀಜದಿಂದ ಹೆಚ್ಚಾಗಿ ಬಂದದ್ದು ನೂರಕ್ಕೆ ಹನ್ನೊಂದು ಮಂದಿ. ಅಂದರೆ ಒಂಬತ್ತು ಜನ ವರ್ಷವಿಡೀ ಬೀಜ ತಿಂದರೆ ಒಬ್ಬನಿಗೆ ಬೀಜದಿಂದ ಎನ್ನಬಹುದಾದ ಲಾಭ. ಅದರ ಮೇಲೆ, ತಾನು ಬೀಜ ತಿನ್ನುತ್ತಿದ್ದೇನೆ ಎನ್ನುವುದು ತಿನ್ನುವವನಿಗೆ ಗೊತ್ತೇ ಇತ್ತು. ನಂಬಿಕೆಯ ಪಾಲು ಆ ಹನ್ನೊಂದರಲ್ಲೂ ಸೇರಿರಬಹುದು. 2021ರಲ್ಲಿ ಬಂದ ಇರಾನಿನ ಒಂದು ಸಣ್ಣ ಪರೀಕ್ಷೆಯಲ್ಲಿ ಕುಂಬಳ ಬೀಜದ ಎಣ್ಣೆಯನ್ನು ಡಾಕ್ಟರು ಬರೆದುಕೊಡುವ ಟ್ಯಾಮ್ಸುಲೋಸಿನ್ ಗುಳಿಗೆಯ ಎದುರು ನಿಲ್ಲಿಸಿದರು. ಎಣ್ಣೆಯಿಂದಲೂ ತೊಂದರೆ ಇಳಿಯಿತು, ಗುಳಿಗೆಯಷ್ಟು ಇಳಿಯಲಿಲ್ಲ.

ಈಗ ಜಿಂಕ್ ಲೆಕ್ಕಕ್ಕೆ ಬನ್ನಿ. ಜರ್ಮನಿಯ ಪರೀಕ್ಷೆಯಲ್ಲಿ ದಿನಕ್ಕೆ ತಿಂದದ್ದು 10 ಗ್ರಾಂ ಬೀಜ. ಅದರಲ್ಲಿ ಜಿಂಕ್ 1 ಮಿಲಿಗ್ರಾಂ ಕೂಡ ಇಲ್ಲ, ಒಂದು ದಪ್ಪ ಜೋಳದ ರೊಟ್ಟಿಯಲ್ಲಿ ಇರುವಷ್ಟೂ ಇಲ್ಲ. ಬೀಜದಿಂದ ಏನಾದರೂ ಆಗಿದ್ದರೆ ಅದು ಜಿಂಕ್‌ನಿಂದ ಆಗಿರುವುದು ಅಸಂಭವ. ಬೀಜದ ಎಣ್ಣೆಯಲ್ಲಿರುವ ಫೈಟೊಸ್ಟೆರಾಲ್ ಎಂಬ ಅಂಶಗಳ ಮೇಲೆ ಸಂಶೋಧಕರ ಕಣ್ಣಿದೆ. ಹಾಗಾಗಿ "ಕುಂಬಳಕ್ಕಿಂತ ಮಗಜ್‌ನಲ್ಲಿ ಜಿಂಕ್ ಹೆಚ್ಚು, ಪ್ರಾಸ್ಟೇಟ್‌ಗೆ ಮಗಜ್ ಇನ್ನೂ ಒಳ್ಳೆಯದು" ಎಂಬ ವಾದವೂ ನಿಲ್ಲುವುದಿಲ್ಲ.

ಇನ್ನೊಂದು ಮಿತಿ ತಳಿಯದು. ಜರ್ಮನಿ, ಆಸ್ಟ್ರಿಯಾ ಕಡೆ ಔಷಧಿಗೆ ಬಳಸುವುದು ಕುಕುರ್ಬಿಟಾ ಪೆಪೊ ಎಂಬ ಜಾತಿಯ ಕುಂಬಳ. ಸ್ಟೈರಿಯಾ ಪ್ರಾಂತದಲ್ಲಿ ಬೆಳೆಯುವ ಅದರ ಎಣ್ಣೆ ತಳಿಗೆ ಬೀಜದ ಮೇಲೆ ಗಟ್ಟಿ ಸಿಪ್ಪೆಯೇ ಇರುವುದಿಲ್ಲ. ನಮ್ಮ ಸಂತೆಯ ಸಿಹಿಗುಂಬಳ ಬಹುಪಾಲು ಕುಕುರ್ಬಿಟಾ ಮೊಸ್ಕಾಟಾ. ತಿಂಡಿಗೆ ಎರಡೂ ಒಂದೇ. ಪರೀಕ್ಷೆಯ ಫಲಿತಾಂಶವನ್ನು ಮಾತ್ರ ಒಂದರಿಂದ ಇನ್ನೊಂದಕ್ಕೆ ಹಾಗೇ ಎತ್ತಿಡುವಂತಿಲ್ಲ.

ಕಾರಟಗಿಯ ಕಾಕಾ ಅವರ ಹದಿನೈದು ಅಂಕ

ಕಾರಟಗಿಯ ರೈಸ್ ಮಿಲ್ಲಿನಲ್ಲಿ ಲೆಕ್ಕ ಬರೆಯುವ, ಅರವತ್ತು ದಾಟಿದ ಕಾಕಾ ಒಬ್ಬರು ಕುಂಬಳ ಬೀಜ ಕೇಳಿಕೊಂಡು ಬಂದರು. ಬೀಜ ಕೊಡುವ ಮೊದಲು ಆ ಪ್ರಶ್ನಾವಳಿಯ ಏಳು ಪ್ರಶ್ನೆ ಕೇಳಿದೆ. ಯಾರು ಬೇಕಾದರೂ ಮನೆಯಲ್ಲೇ ಮಾಡಿಕೊಳ್ಳಬಹುದಾದದ್ದು ಇದು. ಕಳೆದ ಒಂದು ತಿಂಗಳನ್ನು ನೆನೆದು, ತೊಂದರೆ ಇಲ್ಲವೇ ಇಲ್ಲ ಎಂದರೆ 0, ಅರ್ಧ ಸಲ ಹಾಗಾಗುತ್ತದೆ ಎಂದರೆ 3, ಹೆಚ್ಚುಕಮ್ಮಿ ಪ್ರತಿ ಸಲವೂ ಎಂದರೆ 5.

ಹೋಗಿ ಬಂದ ಮೇಲೂ ಪೂರ್ತಿ ಖಾಲಿಯಾಗಿಲ್ಲ ಅನಿಸುವುದಕ್ಕೆ ಅವರು 2 ಕೊಟ್ಟರು. ಎರಡು ತಾಸಿನೊಳಗೆ ಮತ್ತೆ ಹೋಗಬೇಕಾಗುವುದಕ್ಕೆ 3. ನಿಂತು ನಿಂತು ಬರುವುದಕ್ಕೆ 1. ಬಂದರೆ ತಡೆಯಲಾಗದು ಎನ್ನುವುದಕ್ಕೆ 2. ಧಾರೆ ಸಣ್ಣದಾಗಿರುವುದಕ್ಕೆ 3. ಶುರುವಾಗಲು ತಿಣುಕಬೇಕಾಗುವುದಕ್ಕೆ 1. ಏಳನೆಯದು ರಾತ್ರಿ ಎಷ್ಟು ಸಲ ಏಳುತ್ತೀರಿ ಎಂಬುದು, ಎಷ್ಟು ಸಲವೋ ಅಷ್ಟೇ ಅಂಕ, 3. ಒಟ್ಟು 15. ಏಳರವರೆಗೆ ಸೌಮ್ಯ, 8ರಿಂದ 19 ಮಧ್ಯಮ, 20 ಮತ್ತು ಅದಕ್ಕೂ ಮೇಲಾದರೆ ತೀವ್ರ.

ಆಮೇಲೆ ದಿನಚರಿ ಕೇಳಿದೆ. ರಾತ್ರಿ ಊಟವಾದ ಮೇಲೆ ಟಿವಿ ಮುಂದೆ ಉಪ್ಪು ಹಚ್ಚಿದ ಸೂರ್ಯಕಾಂತಿ ಬೀಜದ ಪ್ಯಾಕೆಟ್, ಅದರಿಂದ ಬಾಯಾರಿಕೆ, ಮಲಗುವ ಮುಂದ ಒಂದು ತಂಬಿಗೆ ನೀರು. ಸಂಜೆ ಏಳಕ್ಕೆ ಒಂದು, ಒಂಬತ್ತಕ್ಕೆ ಒಂದು ಚಹಾ. ಮಿಲ್ಲಿನ ಧೂಳಿಗೆ ಮೂಗು ಸೋರುತ್ತದೆಂದು ವಾರಕ್ಕೆ ನಾಲ್ಕಾರು ಸಲ ನೆಗಡಿ ಗುಳಿಗೆ. ಆ ಗುಳಿಗೆಯ ಹಿಂದಿನ ಬರಹ ಓದಿದೆ: ಕ್ಲೋರ್‌ಫೆನಿರಮೈನ್, ಫಿನೈಲೆಫ್ರಿನ್. ಮೊದಲನೆಯದು ಮೂತ್ರಕೋಶ ಹಿಂಡುವ ಬಲ ಕುಗ್ಗಿಸುತ್ತದೆ, ಎರಡನೆಯದು ಮೂತ್ರಕೋಶದ ಬಾಯಿಯ ಸ್ನಾಯುವನ್ನು ಬಿಗಿಗೊಳಿಸುತ್ತದೆ. ಪ್ರಾಸ್ಟೇಟ್ ಉಬ್ಬಿದವರಿಗೆ ಇವೆರಡೂ ಸೇರಿ ಕೆಲವೊಮ್ಮೆ ಮೂತ್ರ ಪೂರ್ತಿ ಕಟ್ಟಿ ರಾತ್ರೋರಾತ್ರಿ ಆಸ್ಪತ್ರೆಯಲ್ಲಿ ಕೊಳವೆ ಹಾಕಿಸಬೇಕಾಗುತ್ತದೆ. ಅದಕ್ಕೇ ಆ ಗುಳಿಗೆ ಕೇಳಿ ಬರುವ ಹಿರಿಯರಿಗೆ ನಾನು ಮೂತ್ರದ ವಿಚಾರ ಕೇಳದೆ ಕೊಡುವುದಿಲ್ಲ.

"ಕಾಕಾ, ಬೀಜ ಆಮ್ಯಾಲ ತಗೊಳ್ಳೋರಂತ. ಮೊದ್ಲು ಇವನ್ನ ಬಿಟ್ಟು ನೋಡ್ರಿ," ಎಂದೆ. ಉಪ್ಪಿನ ಬೀಜ ರಾತ್ರಿ ಬೇಡ, ಏಳರ ನಂತರ ಚಹಾ ಬೇಡ, ನೀರು ಹಗಲು ಹೊತ್ತು ಧಾರಾಳ ಕುಡಿದು ಮಲಗುವ ಎರಡು ತಾಸು ಮುಂಚೆ ನಿಲ್ಲಿಸುವುದು, ಮೂಗಿಗೆ ಬೇರೆ ಔಷಧಿಯನ್ನು ಡಾಕ್ಟರಿಂದ ಬರೆಸಿಕೊಳ್ಳುವುದು. ಜೊತೆಗೆ ಸಕ್ಕರೆ ಕಾಯಿಲೆಯ ಪರೀಕ್ಷೆ, ಯಾಕೆಂದರೆ ರಾತ್ರಿ ಪದೇ ಪದೇ ಏಳಿಸುವುದು ಶುಗರ್ ಕೂಡ ಆಗಿರಬಹುದು. ಅವರದು ಸರಿಯಾಗಿತ್ತು.

ಮುಂದಿನ ತಿಂಗಳು ಮತ್ತೆ ಅಂಕ ಹಾಕಿದೆವು. ಪದೇ ಪದೇ ಹೋಗುವುದು 2, ತಡೆಯಲಾಗದ್ದು 1, ಧಾರೆ 2, ರಾತ್ರಿ ಏಳುವುದು 1. ಉಳಿದವು ಇದ್ದಂತೆಯೇ. ಒಟ್ಟು 10. ಸರಿಯಾಗಿ 5 ಅಂಕ ಇಳಿದಿತ್ತು, ಜರ್ಮನಿಯ ಪರೀಕ್ಷೆಯಲ್ಲಿ ಗುಣವಾಯಿತು ಎಂದು ಎಣಿಸುವಷ್ಟು, ಒಂದೇ ಒಂದು ಕುಂಬಳ ಬೀಜ ತಿನ್ನದೆ. ಅದೇ ದಿನ ಬೀಜವನ್ನೂ ಶುರು ಮಾಡಿದ್ದರೆ ಪೂರ್ತಿ ಹೆಸರು ಬೀಜಕ್ಕೆ ಹೋಗುತ್ತಿತ್ತು, ಕಾರಟಗಿಯ ತುಂಬ ಅದೇ ಮಾತಾಗುತ್ತಿತ್ತು. ಖಾಲಿ ಕ್ಯಾಪ್ಸೂಲು ತಿಂದ ನೂರರಲ್ಲಿ 47 ಮಂದಿಗೆ ಹೇಗೆ ಗುಣ ಕಂಡಿತು ಎಂದು ಅಚ್ಚರಿಪಡುವವರಿಗೆ ಇಂಥ ಕಾರಣಗಳೂ ಉತ್ತರ. ಪರೀಕ್ಷೆಗೆ ಸೇರಿದವನು ತನ್ನ ಚಹಾ, ನೀರು, ನಿದ್ದೆಯನ್ನೂ ಅರಿವಿಲ್ಲದೆ ಸರಿಪಡಿಸಿಕೊಳ್ಳುತ್ತಾನೆ. ಈ ತೊಂದರೆ ತನ್ನಷ್ಟಕ್ಕೆ ತಾನೇ ಏರಿಳಿಯುವುದೂ ಉಂಟು.

ಹತ್ತು ಅಂಕ ಉಳಿದಿತ್ತಲ್ಲ, ಡಾಕ್ಟರ ಹತ್ತಿರ ಕಳಿಸಿದೆ. ಪ್ರಾಸ್ಟೇಟ್ ಕ್ಯಾನ್ಸರಿನ ಸುಳಿವು ನೋಡುವ ಪಿಎಸ್‌ಎ ರಕ್ತಪರೀಕ್ಷೆ, ಮೂತ್ರ ಹೋದ ಮೇಲೆ ಒಳಗೆ ಎಷ್ಟು ಉಳಿದಿದೆ ಎಂದು ನೋಡುವ ಸ್ಕ್ಯಾನ್, ಕಿಡ್ನಿಗೆ ಕ್ರಿಯಾಟಿನಿನ್ ಆಯಿತು. ಬೀಜ ಶುರು ಮಾಡುವ ಮೊದಲೇ ಇದಾಗಬೇಕು. ಬೀಜ ತಿಂದು ಅಂಕ ಇಳಿದರೂ ಒಳಗಿನ ಕ್ಯಾನ್ಸರ್ ಇಲ್ಲವಾಯಿತು ಎಂದಾಗುವುದಿಲ್ಲ. ಯುರೋಪಿನ ಔಷಧ ಸಂಸ್ಥೆ ಕುಂಬಳ ಬೀಜವನ್ನು ಸಾಂಪ್ರದಾಯಿಕ ಬಳಕೆಯ ಆಧಾರದ ಮೇಲೆ ಒಪ್ಪಿರುವುದೂ, ಗಂಭೀರ ಕಾಯಿಲೆ ಇಲ್ಲವೆಂದು ಡಾಕ್ಟರು ಖಚಿತ ಮಾಡಿದ ಮೇಲೆ ಮಾತ್ರ ಎಂಬ ಷರತ್ತಿನ ಮೇಲೆ. ಮೂತ್ರದಲ್ಲಿ ರಕ್ತ ಕಂಡರೆ, ಜ್ವರದ ಜೊತೆ ಉರಿ ಇದ್ದರೆ, ಮೂತ್ರ ಕಟ್ಟಿದರೆ, ಸೊಂಟದ ಮೂಳೆ ನೋವಿನ ಜೊತೆ ತೂಕ ಇಳಿಯುತ್ತಿದ್ದರೆ ಬೀಜದ ಮಾತೇ ಬೇಡ, ನೇರ ಆಸ್ಪತ್ರೆಗೆ ಹೋಗಬೇಕು. ಬೇಸಿಗೆಯಲ್ಲಿ ನೀರು ಕಡಿಮೆಯಾಗಿ ಬರುವ ಉರಿಮೂತ್ರವನ್ನು ಪ್ರಾಸ್ಟೇಟ್ ಎಂದು ಹೆದರುವವರೂ ಇದ್ದಾರೆ. ನೀರು ಕುಡಿದು ಒಂದೆರಡು ದಿನದಲ್ಲಿ ಇಳಿದರೆ ಅದು ಬರೀ ಬಿಸಿಲಿನದು.

ಹಾಗಾದರೆ ಯಾರು ಯಾವುದನ್ನು ಕೊಳ್ಳಬೇಕು? ಜಿಂಕ್ ಸಲುವಾಗಿ ತಿನ್ನುವವರು ಮಗಜ್, ನೆನೆಸಿ ಒಣಗಿಸಿ ಹುರಿದು. ಕೊಲೆಸ್ಟರಾಲ್ ಇರುವವರು ಸೂರ್ಯಕಾಂತಿ, ಉಪ್ಪಿಲ್ಲದ್ದು. ಡಾಕ್ಟರು ನೋಡಿ ಸಾಧಾರಣ ಪ್ರಾಸ್ಟೇಟ್ ಉಬ್ಬು ಎಂದ ಮೇಲೆ ಸೌಮ್ಯ ಅಥವಾ ಮಧ್ಯಮ ತೊಂದರೆ ಇರುವವರು ಬೇಕಾದರೆ ಕುಂಬಳ ಬೀಜ, ಬೆಳಿಗ್ಗೆ ಅರ್ಧ ದೊಡ್ಡ ಚಮಚ, ಸಂಜೆ ಅರ್ಧ, ಬರೆದುಕೊಟ್ಟ ಗುಳಿಗೆ ಬಿಡದೆ. ಕ್ರಿಯಾಟಿನಿನ್ ಏರಿದವರು ಮೂರನ್ನೂ ಡಾಕ್ಟರನ್ನು ಕೇಳಿಯೇ ತಿನ್ನಬೇಕು. ಬೀಜಗಳಲ್ಲಿ ರಂಜಕ, ಪೊಟ್ಯಾಸಿಯಂ ಹೆಚ್ಚು, ಸೋತ ಕಿಡ್ನಿ ಅವನ್ನು ಹೊರಹಾಕಲಾರದು. ಪ್ರಾಸ್ಟೇಟ್ ಒತ್ತಡ ಬಹಳ ದಿನ ಇದ್ದವರಲ್ಲಿ ಕಿಡ್ನಿ ಸೋತಿರುವುದು ಅಪರೂಪವೂ ಅಲ್ಲ.

ಕಾಕಾ ಕೊನೆಗೂ ಕುಂಬಳ ಬೀಜ ಬೇಕೇ ಬೇಕೆಂದರು. ಡಾಕ್ಟರು ಬರೆದ ಟ್ಯಾಮ್ಸುಲೋಸಿನ್ ಜೊತೆ ಒಂದೇ ದಿನ ಶುರು ಮಾಡಬೇಡಿ, ಯಾವುದರಿಂದ ಏನಾಯಿತು ತಿಳಿಯುವುದಿಲ್ಲ ಎಂದು ಹೇಳಿದ್ದೇನೆ. ಮೊದಲು ಎರಡು ತಿಂಗಳು ಗುಳಿಗೆ, ಆಮೇಲೆ ಮೂರು ತಿಂಗಳು ಬೀಜವೂ ಸೇರಿ. ತಿಂಗಳಿಗೊಮ್ಮೆ ಏಳೂ ಪ್ರಶ್ನೆಯ ಅಂಕ ಕ್ಯಾಲೆಂಡರಿನ ಹಿಂದೆ ಬರೆದಿಡಬೇಕು. ಬೀಜ ಸೇರಿಸಿದ ಮೇಲೆ ಅಂಕ ಕದಲದಿದ್ದರೆ ಅದರ ಖರ್ಚು ನಿಲ್ಲಿಸಿ ಮನೆಗೆ ಮಗಜ್ ಒಯ್ಯಬಹುದು.